ಕೊಪ್ಪರಿಗೆ ಸಾವಯವ ಬೆಲ್ಲ: ನಮ್ಮ ಬ್ರ್ಯಾಂಡ್‌ನ ನಿಲುವು

ಬೆಂಗಳೂರು, ಮೈಸೂರಿನ ಸೂಪರ್ ಮಾರ್ಕೆಟ್‌ನಲ್ಲಿ ದಿನಸಿ ಕೊಳ್ಳುವ, ಹೋಳಿಗೆ ಹೂರಣ, ಪಾಯಸವನ್ನು ಇವತ್ತಿಗೂ ಮನೆಯಲ್ಲೇ ಮಾಡುವ ಕುಟುಂಬಗಳಿಗೆ, 'ಕೊಪ್ಪರಿಗೆ' ಮಂಡ್ಯದ ಆಲೆಮನೆಯಿಂದ ನೇರವಾಗಿ ಬರುವ ಸಾವಯವ ಅಚ್ಚು ಬೆಲ್ಲ. ಯಾವ ಊರಿನ ಕಬ್ಬು, ಯಾವ ದಿನ ಕಾಯಿಸಿದ್ದು ಎಂಬುದು ಪ್ರತಿ ಪ್ಯಾಕೆಟ್ ಮೇಲೂ ಇರುತ್ತದೆ.

ಶೆಲ್ಫ್‌ನಲ್ಲಿ ನಮ್ಮ ಪಕ್ಕ ಹಳದಿಯಾಗಿ ಹೊಳೆಯುವ ಬೆಲ್ಲ ಇರುತ್ತದೆ. ನಮ್ಮದು ಕಂದು. ಈ ಬಣ್ಣವೇ ನಮ್ಮ ಗುರುತು, ಅದನ್ನು ಮುಚ್ಚಿಡುವುದಿಲ್ಲ. ಬೆಲ್ಲ ತಿಳಿಯಾಗಿ ಕಾಣಲಿ ಎಂದು ಹೈಡ್ರೋಸ್ ಎಂಬ ಬಣ್ಣ ತಿಳಿಗೊಳಿಸುವ ರಾಸಾಯನಿಕ ಹಾಕುವ ಅಭ್ಯಾಸ ಹಲವು ಕಡೆ ಇದೆ. ನಾವು ಹಾಕುವುದಿಲ್ಲ. ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಬಿಡುತ್ತೇವೆ, ಮೇಲೆ ಬಂದ ಕೊಳೆಯನ್ನು ತೆಗೆಯುತ್ತೇವೆ. ಹುಳಿ ಅಂಶ ತಗ್ಗಿಸಲು ಸ್ವಲ್ಪ ಸುಣ್ಣ ಬೇಕು, ಅದನ್ನೂ ಪ್ಯಾಕೆಟ್ ಮೇಲೆ ಬರೆಯುತ್ತೇವೆ. ಸಾವಯವ ಪ್ರಮಾಣಪತ್ರದ ಜೊತೆಗೆ ಜೈವಿಕ್ ಭಾರತ್ ಗುರುತು ಮುಂಭಾಗದಲ್ಲೇ ಕಾಣಬೇಕು.

ಬೆಲೆ ಸಾಮಾನ್ಯ ಬೆಲ್ಲಕ್ಕಿಂತ ಜಾಸ್ತಿ. ಸುಮ್ನೆ ರಿಯಾಯಿತಿ ಕೊಟ್ಟು ಮಾರುವುದು ಬೇಡ. ಅರ್ಧ ಕಿಲೋ ಪ್ಯಾಕೆಟ್ ಇಟ್ಟರೆ ಒಮ್ಮೆ ರುಚಿ ನೋಡುವುದು ಸುಲಭ, ಅಲ್ವಾ? ಮಳೆಗಾಲದಲ್ಲಿ ಬೆಲ್ಲ ನೀರೊಡೆಯುತ್ತದೆ, ಹಾಗಾಗಿ ಗಾಳಿಯಾಡದ, ಮತ್ತೆ ಮುಚ್ಚಬಹುದಾದ ಪ್ಯಾಕೆಟ್ಟೇ ಬೇಕು.

'ಸಕ್ಕರೆ ಕಾಯಿಲೆಯವರೂ ತಿನ್ನಬಹುದು' ಎಂಬ ಮಾತು ನಮ್ಮ ಜಾಹೀರಾತಿನಲ್ಲಿ ಎಲ್ಲೂ ಬರಬಾರದು. ಬೆಲ್ಲವೂ ಸಿಹಿಯೇ. ನಾವು ಭರವಸೆ ಕೊಡುವುದು ರುಚಿಗೆ ಮತ್ತು ಮಾಡುವ ರೀತಿಗೆ ಮಾತ್ರ.