‘ಸಂಸ್ಕಾರ’ದಲ್ಲಿ ನೀರು ಏನನ್ನೂ ತೊಳೆಯುವುದಿಲ್ಲ

ನಮ್ಮಜ್ಜಿಯ ಮಡಿಸೀರೆ ಹಿತ್ತಿಲ ಕಡೆ ಜಗಲಿಯಲ್ಲಿ ಗಳದ ಮೇಲೆ ಒಣಗುತ್ತಿತ್ತು. ಅದನ್ನು ಕೈಯಲ್ಲಿ ಮುಟ್ಟುವಂತಿರಲಿಲ್ಲ, ಮಡಿಕೋಲಲ್ಲೇ ಎತ್ತಬೇಕು. ಒಂದ್ಸಲ ಚೆಂಡು ತರೋಕೆ ಓಡಿದ ನನ್ನ ಭುಜ ಅದಕ್ಕೆ ತಾಗಿತು. ಅಜ್ಜಿ ಬೈಯಲಿಲ್ಲ, ಸುಮ್ನೆ ಸೀರೆ ಎಳೆದುಕೊಂಡು ಬಚ್ಚಲಿಗೆ ಹೋಗಿ ಮತ್ತೆ ಅದ್ದಿ, ಹಿಂಡಿ, ಕೋಲಲ್ಲಿ ಹರವಿದರು. ಸೀರೆಯಲ್ಲಿ ಕೊಳೆ ಇರಲಿಲ್ಲ. ಇದ್ದದ್ದು ನಾನು.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಈ ಸಲ ಓದುವಾಗ ಆ ಬಚ್ಚಲು ಪದೇಪದೇ ನೆನಪಾಯಿತು. ಕಾಲೇಜಿನಲ್ಲಿ ಓದಿದಾಗ ತಲೆಯಲ್ಲಿ ಉಳಿದದ್ದು ಹೆಣದ ನಾತ, ಇಲಿ, ಹದ್ದು ಮಾತ್ರ. ಈ ಸಲ ಪೆನ್ಸಿಲ್ ಹಿಡಿದು ಕೂತು ನೀರು ಬಂದ ಕಡೆಯೆಲ್ಲ ಅಂಚಿನಲ್ಲಿ ಒಂದು ಚುಕ್ಕಿ ಇಟ್ಟೆ. ಮಲೆನಾಡಿನ ಕಥೆ, ತುಂಗೆಯ ದಂಡೆ, ಬ್ರಾಹ್ಮಣರ ಅಗ್ರಹಾರ. ನೀರು ಜಾಸ್ತಿ ಇರಲೇಬೇಕು, ಅದರಲ್ಲೇನು ವಿಶೇಷ ಅಂತ ಕೇಳಬಹುದು. ನಿಜ, ಬರೀ ಸ್ನಾನವೆಲ್ಲ ಸಂಕೇತ ಆಗಲ್ಲ. ಆದರೆ ಚುಕ್ಕಿಗಳನ್ನು ಒಟ್ಟಿಗೆ ನೋಡಿದಾಗ ಒಂದು ವಿಚಿತ್ರ ಕಂಡಿತು. ಇಷ್ಟೊಂದು ನೀರಿರುವ ಕಾದಂಬರಿಯಲ್ಲಿ ನೀರಿನಿಂದ ಏನೂ ಶುದ್ಧವಾಗುವುದಿಲ್ಲ.

ಕಾದಂಬರಿ ಶುರುವಾಗುವುದೇ ಸ್ನಾನದಿಂದ. ಅಗ್ರಹಾರದ ದೊಡ್ಡ ಪಂಡಿತ ಪ್ರಾಣೇಶಾಚಾರ್ಯರು ಕಾಯಿಲೆಯ ಹೆಂಡತಿಗೆ ಮೀಯಿಸಿ, ಮಡಿ ಉಡಿಸಿ, ದೇವರಪೂಜೆ ಮುಗಿಸಿ ತೀರ್ಥ ಕೊಡುತ್ತಾರೆ. ಇದು ದಿನದಿನದ ಕ್ರಮ. ಆಕೆಯ ಮೈ ಬತ್ತಿ ಮುರುಟಿಹೋಗಿದೆ, ಹೆಸರು ಮಾತ್ರ ಭಾಗೀರಥಿ. ಗಂಗೆಯ ಹೆಸರಿನ ಹೆಂಗಸು ಒಣಗಿ ಮಲಗಿದ್ದಾಳೆ, ಗಂಡ ಅವಳ ಮೇಲೆ ನೀರು ಹೊಯ್ಯುತ್ತಿದ್ದಾನೆ! ಮೊದಲ ಓದಿಗೆ ನನಗಿದು ಹೊಳೆದೇ ಇರಲಿಲ್ಲ. ಆಚಾರ್ಯರಿಗೆ ಈ ಸೇವೆಯೇ ತಪಸ್ಸು. ರೋಗಿ ಹೆಂಡತಿ ಸಿಕ್ಕಿದ್ದು ತಮ್ಮ ಮುಕ್ತಿಗೆ ಅನುಕೂಲ ಅಂತ ಅವರು ನಂಬಿದ್ದಾರೆ. ಅಂದರೆ ಆ ನೀರು ನಿಜವಾಗಿ ಬೀಳುತ್ತಿರುವುದು ಅವರ ಪುಣ್ಯದ ಲೆಕ್ಕಕ್ಕೆ. ಬತ್ತಿದ ಮೈ ಬತ್ತಿದ ಹಾಗೇ ಇರುತ್ತದೆ.

ಆಮೇಲೆ ನಾರಣಪ್ಪ, ಅದೇ ಅಗ್ರಹಾರದಲ್ಲಿ ಆಚಾರ ಬಿಟ್ಟ ಬ್ರಾಹ್ಮಣ. ಶಿವಮೊಗ್ಗಕ್ಕೆ ಹೋಗಿ ಬಂದವನು ಜ್ವರ ಬಂದು, ಗೆಡ್ಡೆ ಎದ್ದು ಸತ್ತ. ಸಂಸ್ಕಾರ ಮಾಡುವವರು ಯಾರು ಎಂಬುದೇ ಕಥೆ. ಅವನ ಮೇಲೆ ಅಗ್ರಹಾರದ ದೂರುಗಳನ್ನು ನೋಡಿ. ಕುಂದಾಪುರದ ಚಂದ್ರಿಯನ್ನು ಇಟ್ಟುಕೊಂಡ, ಹೆಂಡ ಕುಡಿದ, ಮಾಂಸ ತಿಂದ. ಇವುಗಳ ಜೊತೆಗೆ ಇನ್ನೆರಡಿವೆ. ಸಾಲಿಗ್ರಾಮವನ್ನು ಹೊಳೆಗೆ ಎಸೆದ, ಗಣಪತಿ ದೇವಸ್ಥಾನದ ಹೊಂಡದ ಮೀನು ಹಿಡಿದ. ಆ ಮೀನು ಹಿಡಿದವರು ರಕ್ತ ಕಾರಿ ಸಾಯುತ್ತಾರೆ ಅಂತ ನಂಬಿಕೆ. ದೇವರ ಮೀನು ಅಂದರೆ ಏನು ಅಂತ ಗೊತ್ತಾಗಬೇಕಾದರೆ ಶೃಂಗೇರಿಗೆ ಹೋಗಿ ನಿಲ್ಲಬೇಕು. ತುಂಗೆಯ ಮೆಟ್ಟಿಲ ಹತ್ತಿರ ಪುರಿ ಎಸೆದರೆ ತೋಳುದ್ದದ ಮೀನುಗಳು ಒಂದರ ಮೇಲೊಂದು ಬೀಳುತ್ತವೆ. ಯಾರೂ ಹಿಡಿಯಲ್ಲ. ಹಾಗಿರುವಾಗ ಗಾಳ ಹಾಕಿದವನನ್ನು ಊರು ಹೇಗೆ ನೋಡಿರಬೇಕು, ಊಹಿಸಿ.

ಇದನ್ನು ಬಂಡಾಯ ಅಂತ ಹೇಳಿ ಮುಗಿಸುವವರು ಬಹಳ. ನನಗೆ ಅದು ಸಾಲದು ಅನಿಸುತ್ತದೆ. ನಾರಣಪ್ಪ ಮಾಡಿದ್ದು ನೀರಿನ ಅರ್ಥ ಬದಲಿಸುವ ಕೆಲಸ. ಅಗ್ರಹಾರಕ್ಕೆ ಹೊಂಡ ಎಂದರೆ ಗೆರೆ: ಈಚೆ ನಾವು, ಆಚೆ ಅವರು. ಅವನಿಗೆ ಅದು ಮೀನಿರುವ ನೀರು, ಅಷ್ಟೇ. ಸಾಲಿಗ್ರಾಮವನ್ನು ಅವನು ಒಡೆದುಹಾಕಲಿಲ್ಲ, ಹೊಳೆಗೇ ಎಸೆದ. ಸಾಲಿಗ್ರಾಮ ಅಂದರೆ ಮೂಲದಲ್ಲಿ ನದಿಯ ಕಲ್ಲು ತಾನೇ? ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಕಳಿಸಿದ ಹಾಗಿದೆ. ಇದು ನನ್ನ ಓದು, ಒಪ್ಪಲೇಬೇಕು ಅಂತಿಲ್ಲ.

ಅವನು ಬದುಕಿದ್ದಾಗ ಆಚಾರ್ಯರಿಗೆ ಕೊಟ್ಟ ಪೆಟ್ಟೂ ನೀರಿನ ದಡದ್ದೇ. ನೀವು ಪುರಾಣ ಹೇಳುವಾಗ ಶೃಂಗಾರ ವರ್ಣಿಸಿದಿರಿ, ಅದನ್ನು ಕೇಳಿದ ಹುಡುಗನೊಬ್ಬ ಮೈ ಬಿಸಿಯಾಗಿ ಎದ್ದು ಹೊಳೆಗೆ ಹೋದ, ಅಲ್ಲಿ ಹೊಲತಿ ಹುಡುಗಿ ಸ್ನಾನ ಮಾಡುತ್ತಿದ್ದಳು, ಮುಂದೆ ಆದದ್ದು ನಿಮ್ಮ ಪುರಾಣದ ಫಲ ಅನ್ನುತ್ತಾನೆ. ಶ್ರೀಪತಿ ಮತ್ತು ಬೆಳ್ಳಿಯ ಕಥೆ ಅದು. ಹೊಳೆ ಒಂದೇ ನೋಡಿ. ಬೆಳಿಗ್ಗೆ ಅಗ್ರಹಾರದವರು ಅದರಲ್ಲಿ ಮಿಂದು ‘ಮುಟ್ಟಬೇಡ’ ಅನ್ನುವ ಮೈಯನ್ನು ತಯಾರು ಮಾಡಿಕೊಳ್ಳುತ್ತಾರೆ. ರಾತ್ರಿ ಅದೇ ಹೊಳೆಯಲ್ಲಿ ಬೆಳ್ಳಿ ಮೀಯುತ್ತಾಳೆ, ಶ್ರೀಪತಿ ಮುಟ್ಟುತ್ತಾನೆ. ನೀರಿಗೆ ಇಬ್ಬರ ವ್ಯತ್ಯಾಸ ತಿಳಿಯುವುದಿಲ್ಲ.

ಹೆಣ ಮನೆಯಲ್ಲಿದೆ, ಊರಿಗೆ ಊಟವಿಲ್ಲ, ಪೂಜೆಯಿಲ್ಲ. ಹೆಂಗಸರು ಮಕ್ಕಳು ಹಸಿದು ಕೂತಿದ್ದಾರೆ. ಮಾಡಿನ ಮೇಲೆ ಕೂತ ಹದ್ದುಗಳನ್ನು ಓಡಿಸಲು ಶಂಖ, ಜಾಗಟೆ. ತುಂಗೆ ಪಕ್ಕದಲ್ಲೇ ಹರಿಯುತ್ತಿದ್ದಾಳೆ, ಯಾರ ಮೈಲಿಗೆಯೂ ಹೋಗುತ್ತಿಲ್ಲ. ಇಲ್ಲೇ ಗೊತ್ತಾಗುತ್ತದೆ: ಇವರ ತೊಂದರೆ ಕೊಳೆ ಅಲ್ಲ. ಕೊಳೆಯಾಗಿದ್ದರೆ ನಾಲ್ಕು ಬಿಂದಿಗೆ ನೀರಿಗೆ ಹೋಗುತ್ತಿತ್ತು. ಸಂಸ್ಕಾರದ ಖರ್ಚಿಗೆ ಅಂತ ಚಂದ್ರಿ ಬಿಚ್ಚಿಟ್ಟ ಚಿನ್ನ ಕಂಡಮೇಲೆ ಒಬ್ಬೊಬ್ಬರ ಧರ್ಮವೂ ಹೇಗೆ ಬಾಗಿತು ಅಂತ ಓದಿದವರಿಗೆ ನೆನಪಿದೆ, ಅಲ್ವಾ? ಆ ಆಸೆಗೆ ಯಾವ ಸ್ನಾನ?

ಆಚಾರ್ಯರು ತಾಳೆಗರಿಯಲ್ಲಿ ಉತ್ತರ ಹುಡುಕಿ ಸೋತು ಮಾರುತಿಯ ಗುಡಿಗೆ ಹೋಗುತ್ತಾರೆ. ಬಲಕ್ಕೋ ಎಡಕ್ಕೋ ಒಂದು ಹೂ ಬೀಳಲಿ ಅಂತ ಬೇಡುತ್ತಾರೆ. ಬೀಳುವುದಿಲ್ಲ. ವಾಪಸ್ ಬರುವಾಗ ಕತ್ತಲ ಕಾಡಿನಲ್ಲಿ ಚಂದ್ರಿ ಕಾಲಿಗೆ ಬೀಳುತ್ತಾಳೆ, ಮುಂದೆ ಇಬ್ಬರ ಮೈಯೂ ಒಂದಾಗುತ್ತದೆ. ಆ ಗಳಿಗೆಯಲ್ಲಿ ಅವರ ಬಾಯಿಂದ ಬರುವುದು ‘ಅಮ್ಮಾ’ ಅನ್ನುವ ಮಾತು. ಮೀಯಿಸುವುದು, ಒರೆಸುವುದು, ಮಡಿ ಉಡಿಸುವುದು, ಇಷ್ಟು ವರ್ಷ ಹೆಣ್ಣಿನ ಮೈಯನ್ನು ಅವರು ಮುಟ್ಟಿದ್ದು ಹೀಗೆ, ನೀರಿನ ಮೂಲಕ. ಈ ರಾತ್ರಿ ನಡುವೆ ನೀರಿಲ್ಲ.

ಇನ್ನು ನಾರಣಪ್ಪನ ಹೆಣ ಏನಾಯಿತು? ಅದೇ ರಾತ್ರಿ ಚಂದ್ರಿ, ಅಹ್ಮದ್ ಬ್ಯಾರಿ ಎಂಬ ಮೀನು ವ್ಯಾಪಾರಿಯ ಸಹಾಯ ಕೇಳಿ, ಗಾಡಿಯಲ್ಲಿ ಹೆಣ ಸಾಗಿಸಿ ಸುಟ್ಟುಬಿಡುತ್ತಾಳೆ. ಮಂತ್ರವಿಲ್ಲ, ಮಡಿಯಿಲ್ಲ. ಮೀನು ವ್ಯಾಪಾರಿಯೇ ಆಗಬೇಕಿತ್ತಾ? ಹೊಂಡದ ಮೀನು ಹಿಡಿದವನಿಗೆ ಕೊನೆಯಲ್ಲಿ ಕೊಳ್ಳಿ ಇಡೋಕೆ ಒದಗಿದವನು ಮೀನು ಮಾರುವವನು. ಇದು ಬೇಕಂತಲೇ ಮಾಡಿದ್ದು ಅಂತ ನನಗೆ ಗುಮಾನಿ. ಬ್ರಾಹ್ಮಣರು ಮಾತ್ರ ಉತ್ತರ ಹುಡುಕಿಕೊಂಡು ಕೈಮರ, ಮಠ ಅಂತ ಅಲೆಯುತ್ತಲೇ ಇರುತ್ತಾರೆ, ಹೆಣ ಬೂದಿಯಾಗಿದ್ದು ತಿಳಿಯದೆ. ಅಷ್ಟು ನೀರಿನಿಂದ ಆಗದ ಕೆಲಸ ಒಂದು ಬೆಂಕಿಯಿಂದ ಆಯಿತು, ಅದೂ ಮಡಿಯ ಗೆರೆಯ ಆಚೆಗಿದ್ದ ಇಬ್ಬರ ಕೈಯಲ್ಲಿ.

ಭಾಗೀರಥಿಯೂ ಪ್ಲೇಗಿನಲ್ಲಿ ಸಾಯುತ್ತಾಳೆ. ದಿನಾ ಮೀಯಿಸಿದ ಮೈಯನ್ನು ಆಚಾರ್ಯರು ಸುಟ್ಟು ಊರು ಬಿಡುತ್ತಾರೆ. ಇಲ್ಲಿಂದ ಮುಂದೆ ನನ್ನ ಪೆನ್ಸಿಲ್ ಚುಕ್ಕಿಗಳು ಬಹಳ ಕಡಿಮೆ. ದಾರಿಯಲ್ಲಿ ಮಾಲೇರ ಪುಟ್ಟ ಗಂಟುಬೀಳುತ್ತಾನೆ, ಬಿಡುವುದೇ ಇಲ್ಲ. ಮೇಳಿಗೆಯ ತೇರು, ಕೋಳಿ ಅಂಕ, ಜನರ ಗದ್ದಲ. ಹೆಂಡತಿ ಸತ್ತ ಸೂತಕದಲ್ಲೇ ದೇವಸ್ಥಾನದ ಪಂಕ್ತಿಯಲ್ಲಿ ಕೂತು ಊಟ ಮಾಡುತ್ತಾರೆ, ಯಾರಾದರೂ ಗುರುತು ಹಿಡಿದರೆ ಅಂತ ಬೆವರುತ್ತಾ. ಮಿಂದು ಕಳೆದುಕೊಳ್ಳಬಹುದಾದ ಮೈಲಿಗೆ ಇದಲ್ಲ ಅಂತ ಈಗ ಅವರಿಗೇ ಗೊತ್ತು. ಅಗ್ರಹಾರದವರಿಗೆ ನಿಜ ಹೇಳಬೇಕು, ಹೇಳಿದರೆ ಏನಾದೀತು? ಆ ಭಯಕ್ಕೆ ತೀರ್ಥವಿಲ್ಲ.

ಅನಂತಮೂರ್ತಿ ಇದನ್ನು ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ, ಪುಸ್ತಕ ಬಂದದ್ದು 1965ರಲ್ಲಿ. ಆ ದೂರದ ಊರಲ್ಲಿ ಕೂತು ತುಂಗೆಯನ್ನು ನೆನೆಸಿಕೊಂಡವರು ಅವಳನ್ನು ಪಾಪನಾಶಿನಿ ಅಂತ ಹಾಡಿಹೊಗಳಬಹುದಿತ್ತು. ಹೊಗಳಲಿಲ್ಲ. ಅವಳನ್ನು ಸುಮ್ನೆ ಹರಿಯಲು ಬಿಟ್ಟರು. ಕೊನೆಯ ಪುಟದಲ್ಲಿ ಪ್ರಾಣೇಶಾಚಾರ್ಯರು ಗಾಡಿ ಹತ್ತಿ ಕೂತಿದ್ದಾರೆ, ಇನ್ನೂ ನಾಲ್ಕೈದು ಗಂಟೆಯ ದಾರಿಯಿದೆ, ಕಾಯುತ್ತಿದ್ದಾರೆ.