ಅಭ್ಯಾಸ ಹಾಳೆ 6: ಬಿಟ್ಟ ಸ್ಥಳ ತುಂಬಿ, ಕಾರಣವನ್ನೂ ಬರೆಯಿರಿ

ತರಗತಿ: 9, ಪ್ರಥಮ ಭಾಷೆ ಕನ್ನಡ
ಸಮಯ: 40 ನಿಮಿಷ
ಅಂಕ: 28 (ಸರಿಯುತ್ತರಕ್ಕೆ 1, ಕಾರಣಕ್ಕೆ 1)

ಎಲ್ಲ ವಾಕ್ಯಗಳೂ ಒಂದೇ ದಿನದವು: ಅಪ್ಪ ಕೊಬ್ಬರಿ ಮಾರಲು ತಿಪಟೂರಿಗೆ ಹೋದ ದಿನ. ಉತ್ತರ ಆಯಾ ವಾಕ್ಯದ ಕೆಳಗೇ ಇದೆ. ಅದನ್ನು ಇನ್ನೊಂದು ಹಾಳೆಯಿಂದ ಮುಚ್ಚಿಕೊಂಡು ಮೊದಲು ನಿಮ್ಮ ಉತ್ತರ ಬರೆಯಿರಿ, ಆಮೇಲೆ ಹಾಳೆ ಸರಿಸಿ ನೋಡಿ. ಕಾರಣ ಒಂದು ವಾಕ್ಯ ಇದ್ದರೆ ಸಾಕು. ಆದರೆ "ಕೇಳೋಕೆ ಸರಿ ಅನ್ನಿಸುತ್ತೆ" ಎಂದು ಬರೆದರೆ ಅಂಕ ಇಲ್ಲ. ಪದದ ಕೊನೆಯ ಸ್ವರ ಯಾವುದು, ಲಿಂಗ ಯಾವುದು, ವಾಕ್ಯದಲ್ಲಿ ಕರ್ತೃ ಯಾರು ಎಂದು ತೋರಿಸಬೇಕು.

ಅ. ಚತುರ್ಥೀ ವಿಭಕ್ತಿ

1. ಅಪ್ಪ ಬೆಳಿಗ್ಗೆಯೇ ____ ಹೊರಟರು. (ಮಾರುಕಟ್ಟೆಗೆ / ಮಾರುಕಟ್ಟೆಯಿಗೆ)
ಉತ್ತರ: ಮಾರುಕಟ್ಟೆಗೆ.
ಕಾರಣ: ಪದ ಎಕಾರಾಂತ, ಪ್ರತ್ಯಯ 'ಗೆ' ವ್ಯಂಜನದಿಂದ ಶುರುವಾಗುತ್ತದೆ. ಸ್ವರಕ್ಕೆ ಸ್ವರ ಎದುರಾಗದ ಕಡೆ ನಡುವೆ ಯಕಾರ ಬರುವ ಅಗತ್ಯವೇ ಇಲ್ಲ. ಮನೆಗೆ, ಹಳ್ಳಿಗೆ ಕೂಡ ಹೀಗೆಯೇ.

2. ದಾರಿಯಲ್ಲಿ ದೇವಸ್ಥಾನ____ ಹೋಗಿ ಕೈಮುಗಿದರು. (ಕ್ಕೆ / ನಿಗೆ)
ಉತ್ತರ: ದೇವಸ್ಥಾನಕ್ಕೆ.
ಕಾರಣ: ಅಕಾರಾಂತ ನಪುಂಸಕಲಿಂಗ ಪದಕ್ಕೆ 'ಕ್ಕೆ'.

3. ಬಾಡಿಗೆಯ ಹಣವನ್ನು ಚಾಲಕ____ ಕೊಟ್ಟರು. (ಕ್ಕೆ / ನಿಗೆ)
ಉತ್ತರ: ಚಾಲಕನಿಗೆ.
ಕಾರಣ: ಇದೂ ಅಕಾರಾಂತವೇ, ಆದರೆ ಪುಲ್ಲಿಂಗ. 2 ಮತ್ತು 3ನ್ನು ಒಟ್ಟಿಗೆ ಇಟ್ಟು ನೋಡಿ: ಕೊನೆಯ ಸ್ವರ ಒಂದೇ ಆದರೂ ಪ್ರತ್ಯಯ ಬೇರೆ, ಏಕೆಂದರೆ ಇಲ್ಲಿ ನಿರ್ಧರಿಸುವುದು ಲಿಂಗ. ಗೌರವಕ್ಕೆ 'ಚಾಲಕರಿಗೆ' ಎಂದು ಬರೆದವರಿಗೂ ಪೂರ್ತಿ ಅಂಕ ಕೊಡಿ.

4. ಕತ್ತಲಾಗುವಷ್ಟರಲ್ಲಿ ____ ಮರಳಿದರು. ಬಂದವರೇ ____ ಹುಲ್ಲು ಹಾಕಿದರು. (ಊರಿಗೆ / ಊರುವಿಗೆ, ಹಸಿಗೆ / ಹಸುವಿಗೆ)
ಉತ್ತರ: ಊರಿಗೆ, ಹಸುವಿಗೆ.
ಕಾರಣ: ಎರಡೂ ಪದ ಉಕಾರದಲ್ಲೇ ಮುಗಿಯುತ್ತವೆ. ಆದರೂ ಒಂದರಲ್ಲಿ ಉಕಾರ ಬಿದ್ದುಹೋಗುತ್ತದೆ, ಇನ್ನೊಂದರಲ್ಲಿ ಉಳಿದು ಮುಂದೆ ವಕಾರ ಸೇರುತ್ತದೆ. ಹಳಗನ್ನಡದಲ್ಲಿ ಈ ಪದ 'ಊರ್'. ಕಾಲು, ಹಾಲು ಪದಗಳೂ ಅಲ್ಲಿ ಕಾಲ್, ಪಾಲ್. ಇವುಗಳ ಉಕಾರ ಉಚ್ಚಾರಣೆಯ ಅನುಕೂಲಕ್ಕೆ ಆಮೇಲೆ ಸೇರಿದ್ದು, ಪ್ರತ್ಯಯ ಬಂದೊಡನೆ ಜಾಗ ಬಿಡುತ್ತದೆ. 'ಹಸು' ಪದದ ಉಕಾರ ಮೂಲದಿಂದಲೇ ಇರುವುದು. ಹಾಗಾಗಿ ಹಸುವಿಗೆ, ಗುರುವಿಗೆ, ಮಗುವಿಗೆ. ಈ ಪ್ರಶ್ನೆಯಲ್ಲಿ ಎರಡೂ ಪದ ಸರಿಯಿದ್ದರೆ ಮಾತ್ರ ಉತ್ತರದ ಅಂಕ.

ಆ. ನಡುವೆ ಸೇರುವ ಅಕ್ಷರ

5. ಕೂಲಿಯವರು ಚೀಲ____ ಇಳಿಸಿದರು. (ನ್ನು / ವನ್ನು)
ಉತ್ತರ: ಚೀಲವನ್ನು.
ಕಾರಣ: ಚೀಲ + ಅನ್ನು. ಅಕಾರದ ಮುಂದೆ ಅಕಾರ ಬಂದು ವಕಾರಾಗಮ ಸಂಧಿ. ಮಾತಿನಲ್ಲಿ 'ಚೀಲಾನ ಇಳಿಸು' ಎನ್ನುತ್ತೇವೆ, ಅಲ್ಲಿ ವಕಾರ ಕಿವಿಗೆ ಬೀಳುವುದಿಲ್ಲ. ಬರೆಯುವಾಗ 'ಚೀಲನ್ನು' ಎಂಬ ತಪ್ಪು ನುಸುಳುವುದು ಇದರಿಂದಲೇ. ಅನುಮಾನ ಬಂದರೆ ಪದವನ್ನೂ ಪ್ರತ್ಯಯವನ್ನೂ ಬಿಡಿಸಿ ಬರೆದುಕೊಳ್ಳಿ.

6. ವ್ಯಾಪಾರಿ ಕೊಬ್ಬರಿ____ ಒಡೆದು ನೋಡಿದರು. (ವನ್ನು / ಯನ್ನು)
ಉತ್ತರ: ಕೊಬ್ಬರಿಯನ್ನು.
ಕಾರಣ: ಇಕಾರದ ಮುಂದೆ ಸ್ವರ ಬಂದರೆ ಯಕಾರಾಗಮ.

7. ತೂಕ____ ಒಂದು ಕಿಲೋ ವ್ಯತ್ಯಾಸ ಕಂಡಿತು. (ವಲ್ಲಿ / ದಲ್ಲಿ)
ಉತ್ತರ: ತೂಕದಲ್ಲಿ.
ಕಾರಣ: 5ನೆಯ ವಾಕ್ಯದ ನಿಯಮವನ್ನು ಇಲ್ಲಿಗೂ ತಂದು 'ತೂಕವಲ್ಲಿ' ಎಂದು ಬರೆಯುವವರಿದ್ದಾರೆ. ಅಕಾರಾಂತ ನಪುಂಸಕ ಪದಕ್ಕೆ 'ವ' ಸೇರುವುದು ದ್ವಿತೀಯೆಯಲ್ಲಿ. ತೃತೀಯೆ, ಷಷ್ಠೀ, ಸಪ್ತಮಿಗಳಲ್ಲಿ ಸೇರುವುದು 'ದ'. ಒಂದೇ ಪದವನ್ನು ಸಾಲಾಗಿ ಹೇಳಿಕೊಂಡರೆ ನೆನಪಿರುತ್ತದೆ: ತೂಕವನ್ನು, ತೂಕದಿಂದ, ತೂಕಕ್ಕೆ, ತೂಕದ, ತೂಕದಲ್ಲಿ.

ಇ. ಕರ್ತೃವಿಗೆ ತಕ್ಕ ಕ್ರಿಯಾಪದ

8. ಅಂಗಡಿಯ ನೆರಳಲ್ಲಿ ಒಂದು ಮಗು ____. (ಅಳುತ್ತಿದ್ದಾನೆ / ಅಳುತ್ತಿದೆ)
ಉತ್ತರ: ಅಳುತ್ತಿದೆ.
ಕಾರಣ: 'ಮಗು' ಮನುಷ್ಯವಾಚಕವಾದರೂ ವ್ಯಾಕರಣದಲ್ಲಿ ನಪುಂಸಕಲಿಂಗ. ಗಂಡೋ ಹೆಣ್ಣೋ ಗೊತ್ತಿದ್ದರೂ ಕ್ರಿಯಾಪದ ಬದಲಾಗದು.

9. ಅಲ್ಲೇ ನಾಲ್ಕು ಮಕ್ಕಳು ಗೋಲಿ ____. (ಆಡುತ್ತಿವೆ / ಆಡುತ್ತಿದ್ದಾರೆ)
ಉತ್ತರ: ಆಡುತ್ತಿದ್ದಾರೆ.
ಕಾರಣ: ಏಕವಚನ 'ಮಗು' ನಪುಂಸಕ, ಬಹುವಚನ 'ಮಕ್ಕಳು' ಹಾಗಲ್ಲ. ಅದಕ್ಕೆ ಬರುವುದು 'ಅವರು' ಎಂಬುದಕ್ಕೆ ಒಪ್ಪುವ ಕ್ರಿಯಾಪದ. ಕೆಲವು ಕಡೆ 'ಮಕ್ಕಳು ಆಡ್ತಾವೆ' ಎನ್ನುವುದುಂಟು. ಅದು ಆ ಊರಿನ ಮಾತಿಗೆ ಸಹಜ, ತಪ್ಪು ಎಂದು ಮಕ್ಕಳನ್ನು ಗದರಬಾರದು. ಶಿಷ್ಟ ಬರಹದಲ್ಲಿ ಮಾತ್ರ 'ಆಡುತ್ತಿದ್ದಾರೆ'.

10. ಚೀಲ ಹೊಲಿಯಲು ____ ಹೆಂಗಸರು ಬಂದರು. (ಮೂರು / ಮೂವರು)
ಉತ್ತರ: ಮೂವರು.
ಕಾರಣ: ಜನರನ್ನು ಎಣಿಸುವಾಗ ಒಬ್ಬರು, ಇಬ್ಬರು, ಮೂವರು, ನಾಲ್ವರು, ಐವರು. 'ಜನ' ಅಥವಾ 'ಮಂದಿ' ಜೊತೆಗಿದ್ದರೆ ಬರಿಯ ಸಂಖ್ಯೆ ಸಾಕು: ಮೂರು ಜನ, ಆರು ಮಂದಿ. 9ರಲ್ಲಿ 'ನಾಲ್ಕು ಮಕ್ಕಳು' ಇದೆಯಲ್ಲ ಎಂದು ಕೇಳುವ ವಿದ್ಯಾರ್ಥಿ ಗಮನವಿಟ್ಟು ಓದಿದ್ದಾನೆ ಎಂದರ್ಥ: 'ಮಕ್ಕಳು' ಪದದೊಂದಿಗೆ ಬರಿಯ ಸಂಖ್ಯೆಯೂ ರೂಢಿಯಲ್ಲಿದೆ.

11. ಲಕ್ಷ್ಮಿಗೆ ತೂಕದ ಲೆಕ್ಕ ಚೆನ್ನಾಗಿ ____. (ಬರುತ್ತಾಳೆ / ಬರುತ್ತದೆ)
ಉತ್ತರ: ಬರುತ್ತದೆ.
ಕಾರಣ: 'ಏನು ಬರುತ್ತದೆ?' ಎಂದು ಕೇಳಿ. ಲೆಕ್ಕ. ಆದ್ದರಿಂದ ಕರ್ತೃ 'ಲೆಕ್ಕ', ಕ್ರಿಯಾಪದ ಅದನ್ನು ಅನುಸರಿಸುತ್ತದೆ. ಲಕ್ಷ್ಮಿ ವಾಕ್ಯದ ಮೊದಲಲ್ಲಿದ್ದರೂ ಚತುರ್ಥಿಯಲ್ಲಿದ್ದಾಳೆ. ಬೇರೆ ಭಾಷೆಯಿಂದ ಕನ್ನಡಕ್ಕೆ ಬಂದವರು ಹೆಚ್ಚು ಎಡವುವುದು ಇಲ್ಲಿಯೇ. ನನಗೆ ಹಸಿವಾಗಿದೆ, ಅಮ್ಮನಿಗೆ ಜ್ವರ ಬಂದಿದೆ, ನಿಮಗೆ ಈಜು ಗೊತ್ತಿದೆಯೇ: ಎಲ್ಲದರಲ್ಲೂ ಅನುಭವಿಸುವವರು ಚತುರ್ಥಿಯಲ್ಲಿ, ಕ್ರಿಯಾಪದ ನಪುಂಸಕ ಏಕವಚನದಲ್ಲಿ.

ಈ. ಅಲ್ಲ, ಇಲ್ಲ

12. ಇದು ನಮ್ಮ ಚೀಲ ____; ನಮ್ಮದರ ಮೇಲೆ ಕೆಂಪು ಗುರುತಿದೆ. (ಅಲ್ಲ / ಇಲ್ಲ)
ಉತ್ತರ: ಅಲ್ಲ.
ಕಾರಣ: ಚೀಲ ಕಣ್ಣೆದುರೇ ಇದೆ. ನಿರಾಕರಿಸುತ್ತಿರುವುದು 'ನಮ್ಮದು' ಎಂಬ ಗುರುತನ್ನು.

13. ನಮ್ಮ ಚೀಲ ಗಾಡಿಯಲ್ಲಿ ____, ಯಾರೋ ಇಳಿಸಿದ್ದಾರೆ. (ಅಲ್ಲ / ಇಲ್ಲ)
ಉತ್ತರ: ಇಲ್ಲ.
ಕಾರಣ: ನಿರಾಕರಿಸುತ್ತಿರುವುದು ಇರುವಿಕೆಯನ್ನು. "ಗಾಡಿಯಲ್ಲಿ ಅಲ್ಲ, ಅಂಗಡಿಯಲ್ಲಿ" ಎಂದಾಗ 'ಅಲ್ಲ' ಸರಿ, ಏಕೆಂದರೆ ಅಲ್ಲಿ ಒಂದು ಜಾಗವನ್ನು ತಳ್ಳಿ ಇನ್ನೊಂದನ್ನು ಹೇಳುತ್ತಿದ್ದೇವೆ.

14. ನಿನ್ನೆ ಲಾರಿ ____, ಅದಕ್ಕೇ ಇವತ್ತು ಬೇರೆ ಗಾಡಿ ಮಾಡಿದೆವು. (ಬರುವುದಿಲ್ಲ / ಬಂದಿಲ್ಲ / ಬರಲಿಲ್ಲ)
ಉತ್ತರ: ಬರಲಿಲ್ಲ.
ಕಾರಣ: 'ನಿನ್ನೆ' ಮುಗಿದುಹೋದ ಕಾಲ, ಹಾಗಾಗಿ ಭೂತಕಾಲದ ನಿಷೇಧರೂಪ. 'ಬರುವುದಿಲ್ಲ' ಮುಂದಿನದಕ್ಕೆ ಅಥವಾ ರೂಢಿಗೆ: "ಭಾನುವಾರ ಲಾರಿ ಬರುವುದಿಲ್ಲ". 'ಬಂದಿಲ್ಲ' ಈ ಗಳಿಗೆಯವರೆಗಿನ ಮಾತು: "ಲಾರಿ ಇನ್ನೂ ಬಂದಿಲ್ಲ" ಎಂದವರು ಇನ್ನೂ ರಸ್ತೆ ನೋಡುತ್ತಿದ್ದಾರೆ, "ಲಾರಿ ಬರಲಿಲ್ಲ" ಎಂದವರು ಕಾಯುವುದನ್ನು ಬಿಟ್ಟಿದ್ದಾರೆ.