ಅಭ್ಯಾಸ ಹಾಳೆ: ದ್ರವದ ಒತ್ತಡ, ಗಾಳಿಯ ಒತ್ತಡ

g = 10 m/s² ಎಂದು ತೆಗೆದುಕೊಳ್ಳಿ. ಏಕಮಾನ ಮರೆತರೆ ಅರ್ಧ ಅಂಕ ಹೋಯಿತು!

1. ಕುಂಬಳೆಯ ಒಂದು ಮನೆಯ ಬಾವಿಯಲ್ಲಿ 4 m ನೀರಿದೆ. ತಳದಲ್ಲಿ ನೀರಿನ ಒತ್ತಡ ಎಷ್ಟು? (P = hρg, ρ = 1000 kg/m³) ಬಾವಿ ಇನ್ನೂ ಅಗಲವಾಗಿದ್ದರೆ?

2. ಹೊಸಂಗಡಿಯ ಗ್ಯಾರೇಜಿನ ಹೈಡ್ರಾಲಿಕ್ ಲಿಫ್ಟ್‌ನಲ್ಲಿ ಸಣ್ಣ ಪಿಸ್ಟನ್ 20 cm², ದೊಡ್ಡದು 2000 cm². 15,000 N ತೂಕದ ಜೀಪು ಎತ್ತಲು ಎಷ್ಟು ಬಲ ಬೇಕು? ಈ ಲಾಭ ಸುಮ್ನೆ ಸಿಗುವುದಿಲ್ಲ, ಅಲ್ವಾ? ಜೀಪು 5 cm ಏರಲು ಸಣ್ಣ ಪಿಸ್ಟನ್ ಒಟ್ಟು ಎಷ್ಟು ಇಳಿಯಬೇಕು?

3. ಟೊರಿಸೆಲ್ಲಿಯ ಬಾರೋಮೀಟರಿನಲ್ಲಿ ಪಾದರಸ 76 cm ಎತ್ತರ ನಿಲ್ಲುತ್ತದೆ. ಪಾದರಸದ ಸಾಂದ್ರತೆ ನೀರಿನ 13.6 ಪಟ್ಟು. ಪಾದರಸದ ಬದಲು ನೀರಿದ್ದರೆ ಎಷ್ಟು ಎತ್ತರ? ಬಾವಿಕಟ್ಟೆಯ ಮೇಲಿಟ್ಟ ಪಂಪು 12 m ಕೆಳಗಿನ ನೀರನ್ನು ಎಳೆಯುವುದಿಲ್ಲ. ಯಾಕೆ?

ಉತ್ತರ: 1) 40,000 Pa, ಬದಲಾಗದು. 2) 150 N, 500 cm. 3) ಸುಮಾರು 10.3 m. ಕೊನೆಯ 'ಯಾಕೆ'ಗೆ ಉತ್ತರ ನೀವೇ ಬರೆಯಿರಿ.